ಅಂಗಿಯ ಮೇಲಿನ ಅಕ್ಷರ ಏಕೆ ಕಲಸಿಹೋಗುತ್ತದೆ?

ನಮಸ್ಕಾರ. ರಾಜ್ಯೋತ್ಸವಕ್ಕೆಂದು ಚಿತ್ರ ಬರೆಯುವ ಎಐಗೆ 'ಹಳದಿ ಟೀ ಶರ್ಟ್, ಎದೆಯ ಮೇಲೆ ಸಿರಿಗನ್ನಡಂ ಗೆಲ್ಗೆ' ಎಂದು ಹೇಳಿ ನೋಡಿ. ಅಂಗಿ ಸೊಗಸಾಗಿ ಬರುತ್ತದೆ; ಅಕ್ಷರದ ಜಾಗದಲ್ಲಿ ಕನ್ನಡವೂ ಅಲ್ಲದ, ತೆಲುಗೂ ಅಲ್ಲದ ಸುರುಳಿಗಳು ಕೂತಿರುತ್ತವೆ.

ಕಾರಣ ಎರಡು. ಮೊದಲನೆಯದು ಓದಿನದು. ಸ್ಟೇಬಲ್ ಡಿಫ್ಯೂಷನ್ 1.5 ಎಂಬ ಚಿತ್ರ ಬರೆಯುವ ಮಾದರಿ ನಮ್ಮ ಸೂಚನೆಯನ್ನು ಟೋಕನ್‌ಗಳಾಗಿ, ಅಂದರೆ ಸಣ್ಣ ಚೂರುಗಳಾಗಿ, ಒಡೆಯುತ್ತದೆ. ಅದಕ್ಕೆ ಪರಿಚಯವಿರುವುದು ಹೆಚ್ಚಾಗಿ ಇಂಗ್ಲಿಷ್ ಪದಗಳು. ನಮ್ಮ ಘೋಷಣೆಯಲ್ಲಿ ಖಾಲಿ ಜಾಗ ಬಿಟ್ಟು 16 ಯೂನಿಕೋಡ್ ಸಂಕೇತಗಳಿವೆ, ಅಂದರೆ 48 ಬೈಟ್. ಆ ಚೂರುಗಳಿಂದ 'ಲ'ಕಾರಕ್ಕೆ 'ಗ' ಒತ್ತು ಬರಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ.

ಎರಡನೆಯದು ಜಾಗದ ಪ್ರಶ್ನೆ. ಈ ಮಾದರಿ 512×512 ಚಿತ್ರವನ್ನು ನೇರವಾಗಿ ಬರೆಯುವುದಿಲ್ಲ. 64×64 ಮನೆಗಳ ಸಂಕುಚಿತ ರೂಪದಲ್ಲಿ ಕಟ್ಟಿ ಆಮೇಲೆ ಹಿಗ್ಗಿಸುತ್ತದೆ. ಒಂದು ಮನೆಗೆ 8×8 ಪಿಕ್ಸೆಲ್. ಎದೆಯ ಮೇಲೆ 140 ಪಿಕ್ಸೆಲ್ ಅಗಲದಲ್ಲಿ ಏಳು ಅಕ್ಷರ ಹಿಡಿಸಿದರೆ ಒಂದಕ್ಕೆ ಸಿಗುವುದು 20 ಪಿಕ್ಸೆಲ್, ಎರಡೂವರೆ ಮನೆ. ಒತ್ತಕ್ಷರದ ಪಾಡು ಕೇಳಲೇಬೇಡಿ. ಬಟ್ಟೆಯ ನೆರಿಗೆ ಅಷ್ಟಿಷ್ಟು ಆಚೀಚೆಯಾದರೂ ನೆರಿಗೆಯೇ. ಅಕ್ಷರದ ಗೆರೆ ಸರಿದರೆ ಅಕ್ಷರವೇ ಬೇರೆ. ಹೊಸ ಮಾದರಿಗಳು ಇಂಗ್ಲಿಷನ್ನು ಚೆನ್ನಾಗಿ ಬರೆಯುತ್ತವೆ. ಕನ್ನಡವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಆದ್ದರಿಂದ ಬರಹವಿಲ್ಲದ ಅಂಗಿಯನ್ನೇ ಕೇಳಿ, ಘೋಷಣೆಯನ್ನು ಚಿತ್ರ ತಿದ್ದುವ ಉಚಿತ ತಂತ್ರಾಂಶ ಜಿಂಪ್‌ನಲ್ಲಿ ಕೂರಿಸಿ. ಯೂನಿಕೋಡ್ ಫಾಂಟ್ ಬಳಸಿ. ನೋಟೋ ಸ್ಯಾನ್ಸ್ ಕನ್ನಡದ ಬೋಲ್ಡ್ ಸಾಕು. ಕೆಂಪಿನಲ್ಲಿ ಟೈಪ್ ಮಾಡಿ, ಕಾಗುಣಿತ ಪರೀಕ್ಷಿಸಿ, ಆ ಬರಹ ಕೂತ ಪದರದ, ಅಂದರೆ ಲೇಯರ್‌ನ ಒಂದು ನಕಲು ಇಟ್ಟುಕೊಳ್ಳಿ. ಮುಂದಿನ ಹಂತದಲ್ಲಿ ಅಕ್ಷರ ಬರೀ ಪಿಕ್ಸೆಲ್ ಆಗಿಬಿಡುತ್ತದೆ, ಆಮೇಲೆ ತಿದ್ದಲಾಗದು. ದೇಹ ತಿರುಗಿದ್ದರೆ Perspective ಉಪಕರಣದಿಂದ ಓರೆ ಹೊಂದಿಸಿ.

ಈಗ ನೆರಿಗೆ. ಅಂಗಿಯ ಲೇಯರ್ ನಕಲಿಸಿ, ಬಣ್ಣ ತೆಗೆದು, ನಾಲ್ಕೈದು ಪಿಕ್ಸೆಲ್ ಮಸುಕು ಮಾಡಿ. ಇಲ್ಲದಿದ್ದರೆ ನೇಯ್ಗೆಯ ಎಳೆಗಳು ಅಕ್ಷರದ ಅಂಚನ್ನು ಗರಗಸ ಮಾಡುತ್ತವೆ. ಬರಹದ ಲೇಯರ್‌ಗೆ Layer to Image Size ಕೊಟ್ಟು, Filters > Map > Displace ತೆರೆದು, ಈ ಬೂದು ನಕಲನ್ನೇ ನಕ್ಷೆಯಾಗಿ ಆರಿಸಿ, 5ರಿಂದ 8 ಪಿಕ್ಸೆಲ್ ಸರಿಸಿ. ನಕ್ಷೆಯ ಬೆಳಕು ನೆರಳಿಗೆ ತಕ್ಕಂತೆ ಅಕ್ಷರ ಸರಿಯುತ್ತದೆ; ನಡುಬೂದು, ಅಂದರೆ 0ರಿಂದ 255ರ ಅಳತೆಯಲ್ಲಿ 128, ಇದ್ದಲ್ಲಿ ಅಕ್ಷರ ಕದಲದು. ಹಳದಿ ಅಂಗಿ ಬೂದಾದಾಗ ಅದಕ್ಕಿಂತ ಬೆಳ್ಳಗಿರುವುದರಿಂದ ಇಡೀ ಸಾಲು ಒಂದೇ ಕಡೆಗೆ ವಾಲುತ್ತದೆ. ಮೊದಲೇ Levels‌ನಲ್ಲಿ ನಕ್ಷೆಯನ್ನು ನಡುಬೂದಿನ ಹತ್ತಿರಕ್ಕೆ ಇಳಿಸಿ, ಅಥವಾ ಕೊನೆಗೆ ಸಾಲನ್ನು ಎಳೆದು ಜಾಗಕ್ಕೆ ತನ್ನಿ.

ಬೂದು ನಕಲನ್ನು ಮರೆಮಾಡಿ, ಬರಹದ ಲೇಯರ್ ಮೋಡ್ Multiply ಮಾಡಿ. ಅಂಗಿಯ ನೆರಳು ಕೆಂಪಿನೊಳಗೆ ಇಳಿಯುತ್ತದೆ. ಕೆಂಪು ಅಂಗಿಗೆ ಹಳದಿ ಅಕ್ಷರವಾದರೆ ಇದು ನಡೆಯದು, ಹಳದಿ ಕೆಂಪಿನಲ್ಲಿ ಮುಳುಗಿಹೋಗುತ್ತದೆ. ಆಗ ಬರಹವನ್ನು Normal‌ನಲ್ಲೇ ಬಿಟ್ಟು, ಬೂದು ನಕಲನ್ನು ಮತ್ತೆ ಕಾಣಿಸಿ, Levels‌ನಲ್ಲಿ ತಿಳಿಯಾಗಿಸಿ, ಅದರ ಮೇಲಿಟ್ಟು, ಅಕ್ಷರದ ಆಕಾರಕ್ಕಷ್ಟೇ ಮಾಸ್ಕ್ ಮಾಡಿ Multiply ಕೊಡಿ. ಕೊನೆಗೆ ಅಕ್ಷರ ಬಟ್ಟೆಗಿಂತ ಚೂಪಾಗಿ ಕಂಡರೆ ಅರ್ಧ ಪಿಕ್ಸೆಲ್ ಮಸುಕು ಸಾಕು.