ಬರ್ತೀಯಾ, ಬರ್ತೀರಾ

ಎಲ್ಲರಿಗೂ ನಮಸ್ಕಾರ.

ನಿಮ್ಮ ಮೊಬೈಲ್ ತೆಗೆದು ಚಾಟ್‌ಗಳಲ್ಲಿ 'ನೀನು', 'ನೀವು' ಹುಡುಕಿ ನೋಡಿ. ಅಂದುಕೊಂಡಷ್ಟು ಸಿಗುವುದಿಲ್ಲ. 'ಬರ್ತೀಯಾ' ಅಂದರೂ ಸಾಕು, 'ಬರ್ತೀರಾ' ಅಂದರೂ ಸಾಕು, ಯಾರನ್ನು ಹೇಗೆ ಕರೆದೆವು ಅನ್ನುವುದು ಗೊತ್ತಾಗುತ್ತದೆ. ಮರ್ಯಾದೆ ಕುಳಿತಿರುವುದು ಕ್ರಿಯಾಪದದ ಕೊನೆಯಲ್ಲಿ. ಹಾಗಾಗಿ ಸಂಬಂಧ ಬದಲಾದಾಗ ಮೊದಲು ಅಲುಗಾಡುವುದೂ ಆ ಕೊನೆಯೇ.

ಜಯನಗರದ ಒಂದು ಆಫೀಸಿನಲ್ಲಿ ಇಬ್ಬರು ಹುಡುಗಿಯರು ಹೊಸದಾಗಿ ಸೇರಿದ್ದಾರೆ ಅಂದುಕೊಳ್ಳಿ. ಮೊದಲು 'ಫೈಲ್ ಕಳಿಸ್ತೀರಾ?' ಅಂತ ನಡೆಯುತ್ತದೆ. ಆಮೇಲೆ ಒಂದು ವಿಚಿತ್ರ ಕಾಲ ಬರುತ್ತದೆ. 'ಊಟ ಆಯ್ತಾ?' 'ಮೆಟ್ರೋ ಸಿಕ್ತಾ?' 'ನಾಳೆ ರಜೆನಾ?' ಇವುಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಆಗಿದ್ದು ಊಟ, ಸಿಕ್ಕಿದ್ದು ಮೆಟ್ರೋ. 'ನೀವು' ಜಾಸ್ತಿ ಆಯ್ತು, 'ನೀನು' ಅನ್ನೋಕೆ ಇನ್ನೂ ಧೈರ್ಯ ಇಲ್ಲ ಅನ್ನುವವರು ಇಲ್ಲೇ ವಾರಗಟ್ಟಲೆ ಅಡಗಿರುತ್ತಾರೆ. ನಾವೆಲ್ಲ ಅಡಗಿದವರೇ, ಅಲ್ವಾ?

ಒಂದು ದಿನ ಒಬ್ಬಳು 'ಎಲ್ಲಿದೀಯಾ?' ಅಂತ ಬಿಟ್ಟು ನೋಡುತ್ತಾಳೆ. ಉತ್ತರ 'ಇರು, ಬಂದೆ' ಅಂತ ಬಂದರೆ ಒಪ್ಪಿಗೆ ಸಿಕ್ಕಿತು. 'ಇರಿ, ಬಂದೆ' ಅಂತ ಬಂದರೆ ಜಗಳವಿಲ್ಲದೆ ಬಾಗಿಲು ಹಾಕಿದ ಹಾಗೆ. ಒಪ್ಪಿಗೆ ಸಿಕ್ಕಿದ ಮೇಲೆ 'ಕಣೇ' ಬರಲು ತಡವಾಗುವುದಿಲ್ಲ.

ಈಗ ತೊಂದರೆ. ಟ್ರಿಪ್ಪಿನ ಪಾಲು ಒಬ್ಬಳು ಕೊಟ್ಟಿಲ್ಲ. 'ದುಡ್ಡು ಹಾಕಿದ್ಯಾ?' ಅಂತ ಕೇಳಿದ್ದಾಯಿತು, ಮತ್ತೆ ಕೇಳಿದ್ದಾಯಿತು. ಆಮೇಲೆ ಬರುತ್ತದೆ: 'ದುಡ್ಡು ಯಾವಾಗ ಹಾಕ್ತೀರಾ?' ಇದು ತಮಾಷೆಯೋ, ಸಿಟ್ಟೋ? ತಮಾಷೆಯ ಗೌರವ ಯಾವಾಗಲೂ ಅತಿಯಾಗಿರುತ್ತದೆ. 'ಏನ್ ಮೇಡಂ, ತಾವು ದಯಪಾಲಿಸೋದು ಯಾವಾಗ?' ಅಂತ ಬರುತ್ತದೆ, ಜೊತೆಗೊಂದು ನಗುವ ಮುಖ. ಸಿಟ್ಟಿನ ಗೌರವಕ್ಕೆ ಅಲಂಕಾರವೇ ಇರುವುದಿಲ್ಲ. 'ಕಣೇ' ಬಿದ್ದುಹೋಗಿರುತ್ತದೆ. ಆದರೂ ಒಂದೇ ಮೆಸೇಜ್ ನಂಬಬೇಡಿ. ಮುಂದಿನದೂ 'ಸರಿ, ನಿಮ್ಮಿಷ್ಟ' ಅಂತಿದ್ದರೆ ಅವಳು ನಿಜವಾಗಿ ದೂರ ಸರಿದಿದ್ದಾಳೆ. ಅವಳು ಬಿಟ್ಟ ಮರ್ಯಾದೆಗಿಂತ ಕೊಟ್ಟ ಮರ್ಯಾದೆಯೇ ಇಲ್ಲಿ ಚುಚ್ಚುವುದು.

ಗುಂಪಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ 'ಬರ್ತೀರಾ?' ಅಂದರೆ ಸುಮ್ನೆ ಎಲ್ಲರನ್ನೂ ಕೇಳಿದ್ದಿರಬಹುದು. ಇನ್ನು, ಎಷ್ಟೋ ಹಳ್ಳಿಮನೆಗಳಲ್ಲಿ ಅಪ್ಪನಿಗೂ 'ನೀನು' ಅನ್ನುತ್ತಾರೆ. ಅಲ್ಲಿಂದ ಬೆಂಗಳೂರಿಗೆ ಬಂದವರ 'ನೀನು' ಅವಮಾನವಲ್ಲ. ಎದುರಿಗೆ ಮಾತಾಡಿದರೆ ದನಿಯಲ್ಲೇ ಅದು ತಿಳಿಯುತ್ತದೆ, ಚಾಟ್‌ನಲ್ಲಿ ದನಿಯೇ ಇಲ್ಲ.

ಅಪಾರ್ಟ್‌ಮೆಂಟ್ ಗ್ರೂಪಿನ ಪಾರ್ಕಿಂಗ್ ಜಗಳ ಆ ದುಡ್ಡಿನ ಜಗಳಕ್ಕೆ ಉಲ್ಟಾ. 'ಗಾಡಿ ತೆಗಿ' ಅಂತ ಒಬ್ಬರು ಬರೆದ ಕೂಡಲೇ 'ಏಕವಚನದಲ್ಲಿ ಮಾತಾಡಬೇಡಿ' ಅಂತ ಉತ್ತರ ಬೀಳುತ್ತದೆ. ಗಮನಿಸಿ, ಬೈಯುವವರು 'ಮಾತಾಡಬೇಡಿ' ಅನ್ನುತ್ತಾರೆ. ತಮ್ಮ ಕಡೆಯಿಂದ ಬಹುವಚನ ಬಿಡುವುದಿಲ್ಲ, ಬಿಟ್ಟರೆ ದೂರೇ ಬಿದ್ದುಹೋಗುತ್ತದೆ. ಅವರೂ 'ಏನೋ ಅಂದೆ?' ಅಂತ ಇಳಿದರೆ ಪಾರ್ಕಿಂಗ್ ವಿಷಯ ಮುಗಿಯಿತು. ಆಮೇಲೆ ಜಗಳ ನಡೆಯುವುದು ಆ 'ಏನೋ' ಬಗ್ಗೆ ಮಾತ್ರ.