ಬೀಗದ ಕೈ ಒಂದೇ, ತೆರೆಯುವುದು ಇಡೀ ಇನ್‌ಬಾಕ್ಸ್

ಡೊಂಬಿವಲಿಯ ನಮ್ಮ ಮನೆಯ ಹೋದ ತಿಂಗಳ ಖರ್ಚು 60,200 ರೂಪಾಯಿ ಎಂದು, ಬ್ಯಾಂಕ್ ಸಂದೇಶಗಳನ್ನು ಓದಿ ಲೆಕ್ಕ ಬರೆಯುವ ಆ್ಯಪ್ ತೋರಿಸಿತು. ಹೆಂಡತಿ ಒಪ್ಪಲಿಲ್ಲ. ಇಬ್ಬರೂ ಕೂತು ನೋಡಿದರೆ, ಕ್ರೆಡಿಟ್ ಕಾರ್ಡಿನ 14,200 ರೂಪಾಯಿಯನ್ನು ಅದು ಸಾಮಾನು ಕೊಂಡಾಗ ಒಮ್ಮೆ, ಕಾರ್ಡಿನ ಬಿಲ್ಲು ಕಟ್ಟಿದಾಗ ಇನ್ನೊಮ್ಮೆ ಸೇರಿಸಿತ್ತು. ಕಳೆದಾಗ ಉಳಿದ 46,000 ಕೂಡ ಪೂರ್ತಿಯಲ್ಲ. ನೂರು ರೂಪಾಯಿಗಿಂತ ಕಡಿಮೆಯ ಯುಪಿಐ ಪಾವತಿಗೆ ಕೆಲವು ಬ್ಯಾಂಕುಗಳು ಸಂದೇಶ ಕಳಿಸುವುದಿಲ್ಲವಾದ್ದರಿಂದ, ಸ್ಟೇಷನ್ ಹೊರಗಿನ ವಡಾಪಾವ್ ಮತ್ತು ಶೇರ್ ರಿಕ್ಷಾ ಅದರ ಕಣ್ಣಿಗೇ ಬಿದ್ದಿರಲಿಲ್ಲ.

ಲೆಕ್ಕ ತಪ್ಪಿದರೆ ತಿದ್ದಬಹುದು. ನನ್ನನ್ನು ತಡೆದು ನಿಲ್ಲಿಸಿದ್ದು ಆ ಪಟ್ಟಿಯ ನಡುವೆ ಇದ್ದ ಧಾರವಾಡದ ಒಂದು ಔಷಧಿ ಅಂಗಡಿಯ ಹೆಸರು. ಅಮ್ಮನ ಪಿಂಚಣಿ ಖಾತೆಗೆ ಕೊಟ್ಟಿರುವುದು ನನ್ನ ಮೊಬೈಲ್ ಸಂಖ್ಯೆ. ಅವರು ಅಲ್ಲಿ ಕಾರ್ಡ್ ಉಜ್ಜಿದರೆ ಸಂದೇಶ ಇಲ್ಲಿ ಬರುತ್ತದೆ. ಅನುಮತಿಯ ಗುಂಡಿಯನ್ನು ಒತ್ತಿದವನು ನಾನು, ಅಮ್ಮನಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ಎಸ್‌ಎಂಎಸ್ ಓದುವ ಅನುಮತಿಗೆ ವಿಂಗಡಣೆ ಇಲ್ಲ. ಕೊಟ್ಟರೆ ಬ್ಯಾಂಕಿನ ಸಂದೇಶ, ಒಟಿಪಿ, ರಕ್ತ ಪರೀಕ್ಷೆಯ ವರದಿಯ ಕೊಂಡಿ, ನೆಂಟರ ಮಾತು ಎಲ್ಲವನ್ನೂ ಕೊಟ್ಟಂತೆ. (ಐಫೋನ್ ಆ್ಯಪ್‌ಗಳಿಗೆ ಇನ್‌ಬಾಕ್ಸನ್ನೇ ತೆರೆಯುವುದಿಲ್ಲ.) "ಬ್ಯಾಂಕಿನ ಸಂದೇಶಗಳನ್ನಷ್ಟೇ ಓದುತ್ತೇವೆ" ಎಂಬುದು ಆ್ಯಪ್ ಮಾಡಿದವರ ಮಾತು, ಫೋನ್ ಹಾಕಿದ ಬೀಗವಲ್ಲ. ಪ್ಲೇ ಸ್ಟೋರ್‌ನ Data safety ವಿಭಾಗದಲ್ಲಿ ಇರುವುದೂ ಅವರೇ ಬರೆದುಕೊಟ್ಟ ಹೇಳಿಕೆ.

ನಾನು ಈಗ ಮೊದಲು ನೋಡುವುದು ಬೇರೆಯದನ್ನು. ಆ್ಯಪ್‌ನ ಪುಟದಲ್ಲಿ About this app ತೆರೆದು ಕೆಳಗಿಳಿದರೆ ಅನುಮತಿಗಳ ಪಟ್ಟಿ ಸಿಗುತ್ತದೆ. ಅದರಲ್ಲಿ full network access ಇಲ್ಲದಿದ್ದರೆ, ಓದಿದ್ದನ್ನು ಆ್ಯಪ್ ತಾನಾಗಿ ಸರ್ವರಿಗೆ ಕಳಿಸಲಾರದು. ಅಂಥವು ವಿರಳ, ಇದ್ದವುಗಳಲ್ಲಿ ಫೋನ್ ಬದಲಿಸಿದಾಗ ಲೆಕ್ಕ ತಾನಾಗಿ ಮರಳಿ ಸಿಗುವ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ. ಆ ಅನುಕೂಲ ಬೇಕೆಂದರೆ ಲೆಕ್ಕ ಸಾಮಾನ್ಯವಾಗಿ ಮನೆಯಿಂದ ಹೊರಗೆ ಹೋಗಬೇಕಾಗುತ್ತದೆ, ಮತ್ತು ಒಮ್ಮೆ ಹೋದದ್ದು ಅನುಮತಿಯನ್ನು ಹಿಂತೆಗೆದ ಮಾತ್ರಕ್ಕೆ ಮರಳುವುದಿಲ್ಲ. ಆ್ಯಪ್ ಅಳಿಸುವ ಮುನ್ನ ಅದರೊಳಗಿನ ಖಾತೆಯನ್ನು ಅಳಿಸುವಂತೆ ಬೇರೆಯಾಗಿಯೇ ಕೋರಬೇಕು.

ನಾನು ಅಷ್ಟನ್ನೂ ಮಾಡಿದೆ. ಈಗ ಪ್ರತಿ ಒಂದನೇ ತಾರೀಕಿಗೆ ಬ್ಯಾಂಕಿನ ಸ್ಟೇಟ್‌ಮೆಂಟ್ ಇಳಿಸಿಕೊಂಡು ಇಬ್ಬರೂ ಗುರುತು ಹಾಕುತ್ತೇವೆ. ಮುಕ್ಕಾಲು ಗಂಟೆ ಹಿಡಿಯುತ್ತದೆ, ವಡಾಪಾವೂ ಸಿಗುತ್ತದೆ.

ಅಮ್ಮನಿಗೆ ಹೇಳಿದಾಗ, "ನನ್ನ ಗುಳಿಗಿ ಲೆಕ್ಕ ಯಾರಿಗೆ ಬೇಕೋ ತಮ್ಮಾ" ಎಂದು ನಕ್ಕರು. ವಿಮೆ ಮಾರುವವರಿಗೆ ಬೇಕು, ಅಮ್ಮಾ. ಸಾಲ ಕೊಡುವವರಿಗೂ ಬೇಕು.