ಮೈದಾ ಆಗುವಾಗ ಗೋಧಿಯಿಂದ ಏನು ಹೋಗುತ್ತದೆ

ನಮಸ್ಕಾರ. ಮಾಟುಂಗಾದ ಈ ಸಭಾಂಗಣದಲ್ಲಿ ಕೂತ ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಬೆಳಿಗ್ಗೆ ಪಾವ್ ತಿಂದೇ ಬಂದಿರುತ್ತೀರಿ. ಪಾವ್ ಬಿಡಿ ಅಂತ ಹೇಳುವುದಿಲ್ಲ. ಒಂದು ಲೆಕ್ಕ ಮಾತ್ರ ಹೇಳುತ್ತೇನೆ.

ಮೊನ್ನೆ ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಚಕ್ಕಿಯಿಂದ ತಂದ ಹಿಟ್ಟನ್ನು ಜರಡಿ ಹಿಡಿಯುತ್ತಿದ್ದರು. ಜರಡಿಯಲ್ಲಿ ಒಂದು ಹಿಡಿ ಬೂಸಾ ಉಳಿಯಿತು. "ಇದನ್ನು ಚೆಲ್ಲಿದರೆ ಮೈದಾನೇ ಆಯ್ತಲ್ವಾ?" ಎಂದು ಕೇಳಿದರು. ಇಲ್ಲ ಅಕ್ಕಾ, ಆಗಲಿಲ್ಲ. ಯಾಕೆ ಅಂದರೆ ಗೋಧಿಯ ಬುಡಕ್ಕೆ ಹೋಗಬೇಕು.

ಒಂದು ಕಾಳು ಕೈಯಲ್ಲಿ ಹಿಡಿಯಿರಿ. ಚೂಪಾದ ತುದಿಯಲ್ಲಿ ಮೊಳಕೆ ಒಡೆಯುವ ಚುಕ್ಕೆ ಇದೆ. ಅದಕ್ಕೂ ಬಿಳಿ ತಿರುಳಿಗೂ ನಡುವೆ ತೆಳುವಾದ ಒಂದು ಪದರ, ಸ್ಕುಟೆಲ್ಲಮ್. ಕಾಳಿನ ತೂಕದಲ್ಲಿ ಅದು ಶೇ. 2 ಕೂಡ ಇಲ್ಲ. ಆದರೆ ಕಾಳಿನ ಬಿ1 ಜೀವಸತ್ವದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಕೂತಿದೆ. ಇದೊಂದು ನೆನಪಿಟ್ಟುಕೊಳ್ಳಿ.

ಈಗ ರೋಲರ್ ಮಿಲ್ಲಿಗೆ ಬನ್ನಿ. ಮೊದಲು ಗೋಧಿಗೆ ನೀರು ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಸಿಪ್ಪೆ ಗಟ್ಟಿಯಾಗುತ್ತದೆ, ತಿರುಳು ಮೆತ್ತಗಾಗುತ್ತದೆ. ಹಲ್ಲಿರುವ ರೋಲರ್‌ಗಳು ಕಾಳನ್ನು ಬಿಚ್ಚಿ ತಿರುಳನ್ನು ಕೆರೆಯುತ್ತವೆ. ಆಮೇಲೆ ನುಣುಪಾದ ರೋಲರ್‌ಗಳು. ಇಲ್ಲೇ ಮಜಾ ಇರುವುದು. ಪಿಷ್ಟ ಪುಡಿಯಾಗುತ್ತದೆ. ಮೊಳಕೆಯಲ್ಲಿ ಎಣ್ಣೆ ಇರುವುದರಿಂದ ಅದು ಪುಡಿಯಾಗದೆ ಅವಲಕ್ಕಿ ಥರ ಚಪ್ಪಟೆಯಾಗುತ್ತದೆ. ಜರಡಿ ಅದನ್ನು ಸಲೀಸಾಗಿ ಹಿಡಿದು ಹೊರಗೆ ಹಾಕುತ್ತದೆ. ಆ ಸ್ಕುಟೆಲ್ಲಮ್ ಕೂಡ ಬಹುಪಾಲು ಹೀಗೇ ಹೊರಗೆ ಹೋಗುತ್ತದೆ.

ಚಕ್ಕಿಯ ಕಲ್ಲು ಹಾಗಲ್ಲ. ಎಣ್ಣೆ, ಮೊಳಕೆ, ತಿರುಳು ಎಲ್ಲವನ್ನೂ ಒಟ್ಟಿಗೆ ಅರೆದುಬಿಡುತ್ತದೆ. ಹಾಗಾಗಿ ಅಕ್ಕ ಜರಡಿ ಹಿಡಿದಾಗ ಹೋದದ್ದು ಹೆಚ್ಚಾಗಿ ದಪ್ಪ ಸಿಪ್ಪೆ. ನಾರು ಹೋಯಿತು, ಸಿಪ್ಪೆಯ ಖನಿಜವೂ ಸ್ವಲ್ಪ ಹೋಯಿತು. ಮೊಳಕೆ ಬಹುಪಾಲು ಹಿಟ್ಟಿನಲ್ಲೇ ಉಳಿಯಿತು.

ಲೆಕ್ಕಕ್ಕೆ ಬರೋಣ. ನೂರು ಕಿಲೋ ಗೋಧಿಯಿಂದ ಎಷ್ಟು ಕಿಲೋ ಹಿಟ್ಟು ತೆಗೆದರೋ ಅದೇ ಎಕ್ಸ್‌ಟ್ರಾಕ್ಷನ್. ಮೈದಾಕ್ಕೆ ಸುಮಾರು 72 ಅಂತಿಟ್ಟುಕೊಳ್ಳಿ. ಹತ್ತು ಕಿಲೋ ಗೋಧಿಯಲ್ಲಿ ಸುಮಾರು 40 ಮಿಲಿಗ್ರಾಂ ಬಿ1 ಇದ್ದರೆ, ಅದರಿಂದ ಬಂದ 7.2 ಕಿಲೋ ಮೈದಾದಲ್ಲಿ ಉಳಿಯುವುದು ಎಂಟೋ ಒಂಬತ್ತೋ. ತೂಕ ಹೋದದ್ದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಬಿ1 ಹೋದದ್ದು ಐದರಲ್ಲಿ ನಾಲ್ಕು ಪಾಲು! ಅಂಚಿನಲ್ಲಿ ಇರುವುದನ್ನು ಅಂಚಿನ ಜೊತೆ ಕತ್ತರಿಸಿದಂತೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ 1942ರಲ್ಲಿ ಎಕ್ಸ್‌ಟ್ರಾಕ್ಷನ್ ಅನ್ನು 85ಕ್ಕೆ ಏರಿಸಿತು. ಅದೇ ಗೋಧಿಯಿಂದ ಹಿಟ್ಟೂ ಜಾಸ್ತಿ ಬಂತು, ಬಿ1 ಕೂಡ ಜಾಸ್ತಿ ಉಳಿಯಿತು.

ಗಂಟೆ ಬಾರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಬೂಸಾದಲ್ಲಿ ಕಬ್ಬಿಣ ಇದೆ, ಆದರೆ ಬೂಸಾದಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಹಿಡಿದಿಡುತ್ತದೆ, ಪೂರ್ತಿ ಮೈಗೆ ಹತ್ತುವುದಿಲ್ಲ. ಮೊಳಕೆಯ ಎಣ್ಣೆಯಿಂದ ಇಡೀ ಗೋಧಿ ಹಿಟ್ಟು ಬೇಗ ಕಮಟು ವಾಸನೆ ಹಿಡಿಯುತ್ತದೆ. ಮುಂಬೈ ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿಸಿ.

ಇನ್ನೊಂದು. ಅಂಗಡಿಯಿಂದ ತಂದ ಎರಡು ಹಿಟ್ಟನ್ನು ತಟ್ಟೆಯಲ್ಲಿ ಅಕ್ಕಪಕ್ಕ ಒತ್ತಿ, ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ. ಸಿಪ್ಪೆಯ ಕಂದು ಚುಕ್ಕೆ ಯಾವುದರಲ್ಲಿ ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ.